ಕಂಬಳಿಗೆ ನೀರು ಸುರಿದು ನೋಡಿದ್ದು

ಹತ್ತಿ ಗಿರಣಿಯ ಕೆಲಸ ಬಿಟ್ಟು ಕಂಬಳಿ ನೇಯುವ ಆಸೆ ಗುಡ್ಡಪ್ಪನಿಗೆ. ಬಿಡುವ ಮೊದಲು ಕೈ ಹೇಗಿದೆ ನೋಡೋಣವೆಂದು ಹತ್ತು ದಿನ ರಜೆ ಹಾಕಿ, ಮಾವನ ಮಗ್ಗದಲ್ಲಿ ಮದಕರಿಪುರದ ಕುರಿಗಾಹಿ ಚಿತ್ತಪ್ಪನಿಗೆ ಕೂಲಿಗೆ ಒಂದು ಕಂಬಳಿ ನೇಯ್ದ. ಮಳೆ ತಡೆಯುತ್ತದೋ ಇಲ್ಲವೋ ನೋಡಲು ಚಿತ್ತಪ್ಪ ನಾಲ್ವರ ಕೈಲಿ ಮೂಲೆ ಹಿಡಿಸಿ ಚೊಂಬು ನೀರು ಸುರಿದ. ಗುಡ್ಡಪ್ಪ ಕಂಬಳಿಯ ಕೆಳಗೇ ನುಸುಳಿ ನೋಡಿದ. ನಡುವೆ ಒಂದು ಹನಿಯೂ ಇಳಿಯಲಿಲ್ಲ. ನೀರನ್ನು ಅಂಚಿಗೆ ವಾಲಿಸಿದಾಗ ಅಲ್ಲಿ ಸೋರಿ ಅವನ ಮೂಗಿನ ಮೇಲೇ ಬಿತ್ತು.

“ಏನಪ್ಪ, ಅಂಚಿಗೆ ಬರೋ ಹೊತ್ಗೆ ಗಿರಣಿ ನೆಪ್ಪಾತಾ?” ಎನ್ನುತ್ತ ಚಿತ್ತಪ್ಪ ಕೂಲಿ ಕೊಟ್ಟ. “ನಡೂಕೆ ಗಟ್ಟಿ ಐತೆ. ನನ್ ತಮ್ಮಗೂ ಒಂದು ನೇಯಿ, ಅಂಚು ಬಿಗಿ ಮಾಡು.”

ಸೋಮವಾರ ಗುಡ್ಡಪ್ಪ ಗಿರಣಿಗೇ ಹೋದ.

“ಕೆಲ್ಸ ಬಿಡ್ತೀಯೇನಲೇ?” ಎಂದ ಮೇಸ್ತ್ರಿ.

“ಈಗ್ಲೇ ಇಲ್ರಿ. ಇನ್ನೊಂದ್ ಕಂಬಳಿಗೆ ರಜಾ ಕೊಡ್ರಿ. ಅಂಚು ಯಾಕ್ ಸೋರ್ತು ಅಂತ ತಿಳೀಬೇಕು.”