ಕೂತಲ್ಲೇ ಹದಿನಾಲ್ಕು ಸಾವಿರ ಹೆಜ್ಜೆ

ಬನಹಟ್ಟಿಯ ಶೀತಲ್‌ಳ ಇನ್‌ಸ್ಟಾಗ್ರಾಂ ಪೇಜಿನ ಹೆಸರು ‘ಇದ್ದದ್ದು ಇದ್ದಂಗ’. ಗಂಡ ಪರಮೇಶನ ಪವರ್‌ಲೂಮಿನಲ್ಲಿ ನೇಯ್ದ ಸೀರೆಗಳನ್ನು ಅವಳು ಅಲ್ಲಿ ತೋರಿಸುತ್ತಾಳೆ. ಹೆಸರಿಗೆ ತಕ್ಕ ಹಾಗೆ, “ಈ ಕೆಂಪು ಸೀರಿ ಮೊದಲ ಸಲ ಬಣ್ಣ ಬಿಡತೈತ್ರಿ, ಬ್ಯಾರೆ ಬಕೀಟಿನ್ಯಾಗ ನೆನಸ್ರಿ” ಎಂದು ಮುಖದ ಮೇಲೆ ಹೇಳಿಬಿಡುತ್ತಾಳೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುತ್ತಾರೆ. ಶೀತಲ್‌ಗೆ ಹಾಗಾಗಲಿಲ್ಲ. ಎದ್ದು ಬಂದವರು ನಲವತ್ತೊಂದು ಸಾವಿರ ಮಂದಿ, ಎಲ್ಲರೂ ಫಾಲೋ ಒತ್ತಿ ಹೋದರು. ಪರಮೇಶ ತಲೆ ಚಚ್ಚಿಕೊಳ್ಳುತ್ತಿದ್ದ, ಆದರೆ ಬಣ್ಣ ಬಿಡುವ ಸೀರೆಯೇ ಮೊದಲು ಖರ್ಚಾಯಿತು.

ಇಂಥವಳಿಗೆ ಬೆಂಗಳೂರಿನ ಏಜೆನ್ಸಿಯಿಂದ ಮೊದಲ ಜಾಹೀರಾತು ಬಂತು. ಕೈಗೆ ಕಟ್ಟುವ ಫಿಟ್‌ನೆಸ್ ಬ್ಯಾಂಡ್. ಏಜೆನ್ಸಿಯ ರಾಜಶ್ರೀ ಫೋನಿನಲ್ಲಿ ನಿಯಮಗಳನ್ನು ಒಪ್ಪಿಸಿದಳು. ಏಳು ದಿನ ನೀವೇ ಕಟ್ಟಿಕೊಳ್ಳಬೇಕು. ಏಳೂ ದಿನದ ಹೆಜ್ಜೆಯ ಸ್ಕ್ರೀನ್‌ಶಾಟ್ ಹಾಕಬೇಕು. ‘ಜಾಹೀರಾತು’ ಅನ್ನುವ ಪದ ಮೊದಲ ಸಾಲಿನಲ್ಲೇ ಇರಬೇಕು, ಕೆಳಗೆ ಅಡಗಿಸಬಾರದು. ರೋಗ ವಾಸಿಯಾಗುತ್ತದೆ, ನೋವು ಹೋಗುತ್ತದೆ ಎಂದು ಬರೆಯಲೇಬಾರದು. ಕ್ಯಾಪ್ಷನ್ ಶುಕ್ರವಾರ ಐದು ಗಂಟೆಯೊಳಗೆ ಕಳಿಸಬೇಕು, ಕಂಪನಿ ಒಪ್ಪಿದ ಮೇಲೇ ಪೋಸ್ಟ್.

“ಮತ್ತೆ ಮೇಡಂ, ಟೋನ್ ಫ್ರೆಂಡ್ಲಿ ಆಗಿರ್ಲಿ. ಗೆಳತಿ ಗೆಳತಿಗೆ ಹೇಳಿದ ಹಾಗೆ. ಮಾರ್ತಿದೀವಿ ಅನ್ನಿಸಬಾರದು,” ಎಂದಳು ರಾಜಶ್ರೀ.

“ಮಾರೂದು ಇರತೈತಿ, ಕಾಣಬಾರದು. ಹೌದಲ್ರಿ?”

“ಕರೆಕ್ಟ್ ಮೇಡಂ,” ಎಂದಳು ರಾಜಶ್ರೀ. ಅವಳಿಗೆ ನಗು ಬರಲಿಲ್ಲ.

ಮೊದಲ ದಿನ ಶೀತಲ್ ಬ್ಯಾಂಡ್ ಕಟ್ಟಿಕೊಂಡು ಓಡಾಡಿದಳು. ಓಡಾಡಿದಳು ಅನ್ನುವುದು ಮಾತಿಗೆ. ನೂಲಿನ ಅಂಗಡಿಗೆ ಸ್ಕೂಟಿ, ಪಾರ್ಸಲ್ ಕಳಿಸಲು ಸ್ಕೂಟಿ, ಮೂರು ಮನೆ ಆಚೆಗಿನ ಹಾಲಿಗೂ ಸ್ಕೂಟಿ. ಬ್ಯಾಂಡು ಗಂಟೆಗೊಮ್ಮೆ ಮಣಿಕಟ್ಟಿನಲ್ಲಿ ಗುರ್ ಎಂದು, ಎದ್ದು ನಾಲ್ಕು ಹೆಜ್ಜೆ ನಡೆ ಎಂದು ನೆನಪಿಸಿತು. ಸಂಜೆಗೆ ಲೆಕ್ಕ ಬಂದದ್ದು ಸಾವಿರದ ಒಂಬೈನೂರ ಹನ್ನೆರಡು ಹೆಜ್ಜೆ. ಗುರಿ ಹತ್ತು ಸಾವಿರ.

ಮರುದಿನ ಮುಂಜಾನೆಯೇ ಸೀರೆಯ ವಿಡಿಯೋ ಇತ್ತು. ಹಸಿರು ಬಳೆಗಳ ನಡುವೆ ಕಪ್ಪು ಪಟ್ಟಿ ಚೆನ್ನಾಗಿ ಕಾಣಲಿಲ್ಲ. ಬಿಚ್ಚಿ ಎಲ್ಲಿಡಲಿ ಎಂದು ನೋಡಿದಳು. ಅಡುಗೆಮನೆಯಲ್ಲಿ ಅತ್ತೆ ಹೊಳೆವ್ವ ಎಂದಿನಂತೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಮಹಾಲಿಂಗಪುರದ ಖಾನಾವಳಿಗೆ ದಿನಕ್ಕೆ ಇನ್ನೂರು ಜೋಳದ ಕಡಕ್ ರೊಟ್ಟಿ ಹೋಗುತ್ತವೆ. ಮುಂಜಾನೆ ಐದಕ್ಕೆ ಕೂತರೆ ಹೊಳೆವ್ವ ಏಳುವುದು ಮಧ್ಯಾಹ್ನಕ್ಕೆ.

“ಅತ್ತಿ, ಇದನ್ನ ಒಂಚೂರು ಕಟ್ಕೊಂಡಿರ್ರಿ. ಎಲ್ಲೆರ ಇಟ್ರ ಕಳೀತೈತಿ,” ಎಂದು ಶೀತಲ್ ಅವಳ ಬಲಗೈಗೇ ಕಟ್ಟಿದಳು.

“ಏನ ಇದು? ತಾಮ್ರದ ಕಡಗದಂಗ ಕಾಲನೋವಿಗಿ ಆಗತೈತೇನ?”

ಹೊಳೆವ್ವನ ಮೊಣಕಾಲು ಹಿಡಿದು ಎರಡು ವರ್ಷವಾಗಿತ್ತು. ಬೀರೇಶ್ವರನ ಗುಡಿಗೂ ಅವಳು ಈಗ ಆಟೋದಲ್ಲೇ ಹೋಗುತ್ತಿದ್ದಳು. ಕ್ಯಾಮೆರಾ ಹೊರಗೆ ಕಾಯುತ್ತಿತ್ತು. ಶೀತಲ್ ಅವಸರದಲ್ಲಿ, “ಹೂಂ ಅತ್ತಿ, ಆಗತೈತಿ,” ಎಂದುಬಿಟ್ಟಳು.

ಮಧ್ಯಾಹ್ನ ಆ್ಯಪ್ ತೆಗೆದವಳು ಕಣ್ಣುಜ್ಜಿಕೊಂಡಳು. ಹದಿಮೂರು ಸಾವಿರದ ನಾನೂರು ಹೆಜ್ಜೆ. ಮಗ್ಗದ ಅದುರಿಗೆ ಹೀಗಾಯಿತೋ ಎಂದು ಬ್ಯಾಂಡನ್ನು ಮಗ್ಗದ ಪಕ್ಕದ ಕಟ್ಟೆಯ ಮೇಲಿಟ್ಟು ನೋಡಿದಳು. ಒಂದೂ ಏರಲಿಲ್ಲ. ಅತ್ತೆಯ ಕೈಗೆ ಮತ್ತೆ ಕಟ್ಟಿ ಒಂದು ರೊಟ್ಟಿ ಬಡಿಯಲು ಹೇಳಿದಳು. ಅರವತ್ತೆಂಟು ಹೆಜ್ಜೆ ಏರಿತು. ಅಂದರೆ ಬ್ಯಾಂಡಿಗೆ ಕಾಲು ಕಾಣುವುದಿಲ್ಲ. ಕೈ ಒಂದೇ ತಾಳದಲ್ಲಿ ಆಡಿದರೆ ಈಕೆ ನಡೆಯುತ್ತಿದ್ದಾಳೆ ಎಂದು ತಿಳಿದು ಎಣಿಸುತ್ತದೆ. ಹೊಳೆವ್ವನ ತಾಳವಂತೂ ನಲವತ್ತು ವರ್ಷದ್ದು, ತಪ್ಪುವ ಮಾತೇ ಇಲ್ಲ.

ಇಲ್ಲಿ ಶೀತಲ್ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಮೊದಲ ಜಾಹೀರಾತು, ಬಿಟ್ಟರೆ ಇನ್ನೊಂದು ಬರುತ್ತದೋ ಇಲ್ಲವೋ ಅನ್ನುವ ಭಯ ಅವಳಿಗೆ. ಸಾವಿರದ ಒಂಬೈನೂರು ಹೆಜ್ಜೆಯ ಚಿತ್ರ ಯಾರಿಗೆ ಬೇಕು? ಅಂದಿನಿಂದ ಏಳು ದಿನ ದಿನಾ ಮುಂಜಾನೆ ಅತ್ತೆಯ ಪಕ್ಕ ಕೂತು, ಕೈ ಹಿಡಿದು, ಹಿಟ್ಟು ಒರೆಸಿ ಬ್ಯಾಂಡ್ ಕಟ್ಟಿದಳು. ಕೆಲಸ ಮುಗಿದ ಮೇಲೆ ಹಾಗೆಯೇ ಕೂತು ಬಿಚ್ಚಿದಳು. ಕಟ್ಟುವಾಗ “ಕಾಲು ಹೆಂಗೈತ್ರಿ ಅತ್ತಿ?” ಎಂದು ಕೇಳದೆ ಇರಲಾಗುತ್ತಿರಲಿಲ್ಲ, ಹೇಳಿದ ಸುಳ್ಳಿಗೆ ಅಷ್ಟಾದರೂ ಮರ್ಯಾದೆ ಕೊಡಬೇಕಲ್ಲ. “ಹಗರ ಆಗೈತಿ ಬಿಡ,” ಎನ್ನುತ್ತಿದ್ದಳು ಹೊಳೆವ್ವ.

ಏಳನೆಯ ದಿನ ಆ್ಯಪು ಶಹಬ್ಬಾಸ್ ಎಂದು ಪಟಾಕಿ ಹಾರಿಸಿತು. ಒಟ್ಟು ಅರವತ್ತೊಂದು ಕಿಲೋಮೀಟರ್.

“ಅರವತ್ತೊಂದಾ?” ಹೊಳೆವ್ವ ರೊಟ್ಟಿ ತಿರುವುತ್ತ ಕೇಳಿದಳು. “ಇಷ್ಟ ನಡದಿದ್ರ ನಾ ಬಾಡಗಂಡಿಗಿ ಮುಟ್ಟತಿದ್ನೆಲ್ಲ. ತವರಮನಿ ನೋಡಿ ಮೂರ ವರ್ಷ ಆತು.” ಅಷ್ಟು ಹೇಳಿ ಮುಂದಿನ ಉಂಡೆ ಕೈಗೆತ್ತಿಕೊಂಡಳು.

ಶೀತಲ್ ಅದನ್ನು ಕೇಳಿಸಿಕೊಳ್ಳದವಳ ಹಾಗೆ ಹೊರಗೆ ಹೋಗಿ ಕ್ಯಾಪ್ಷನ್ ಬರೆದಳು.

“ಜಾಹೀರಾತು. ಅಕ್ಕಾರ, ನಾ ಎಂಥಾ ಮೈಗಳ್ಳಿ ಅನ್ನೂದು ನಿಮಗ ಗೊತ್ತೇ ಐತಿ. ಹಾಲು ತರಾಕೂ ನನಗ ಸ್ಕೂಟಿ ಬೇಕು! ಅಂಥಾಕಿ ಈ ವಾರ ದಿನಾ ಹದಿಮೂರು ಸಾವಿರ ಹೆಜ್ಜಿ ಹಾಕೇನಿ. ನಾ ಮಾಡೇನಿ ಅಂದ್ರ ನೀವೂ ಮಾಡ್ತೀರಿ. ಸ್ಕ್ರೀನ್‌ಶಾಟ್ ನೋಡ್ರಿ, ಇದ್ದದ್ದು ಇದ್ದಂಗ!”

ಓದಿದರೆ ಗೆಳತಿ ಹೇಳಿದ ಹಾಗೆಯೇ ಇತ್ತು. ಸುಳ್ಳು ಹೇಳುವ ಗೆಳತಿ, ಅಷ್ಟೇ. ಸ್ಕೂಟಿಯ ಸಾಲು ಮಾತ್ರ ನಿಜ. ಕೊನೆಯ ಎರಡು ಪದಗಳನ್ನು ಅಳಿಸಿದಳು, ಮತ್ತೆ ಬರೆದಳು, ಮತ್ತೆ ಅಳಿಸಿದಳು.

ಶುಕ್ರವಾರ ಮಧ್ಯಾಹ್ನ ಕಳಿಸಬೇಕೆಂದು ಫೋನ್ ಹಿಡಿದಾಗ ಪಕ್ಕದ ಮನೆಯ ಗುರುಬಸವ್ವ ಬಂದಳು. ಗುರುಬಸವ್ವನಿಗೆ ಸಕ್ಕರೆ ಕಾಯಿಲೆ. ದಿನಾ ಸಂಜೆ ಸೆರಗು ಸಿಕ್ಕಿಸಿಕೊಂಡು ಕಾಲೇಜು ಮೈದಾನ ಸುತ್ತುವುದು ಓಣಿಗೆಲ್ಲ ಗೊತ್ತು.

“ಶೀತಲಾ, ಹೊಳೆವ್ವನ ಕೈಯಾಗಿನ ಪಟ್ಟಿ ನನಗೂ ಒಂದ ತರಿಸಿ ಕೊಡ ಬೇ,” ಎಂದಳು. “ಡಾಕ್ಟರ್ ದಿನಾ ನಡೀರಿ ಅಂತಾನ. ನಡದ ನಡದ ಹಿಮ್ಮಡ ಒಡದಾವು. ಹೊಳೆವ್ವ ಕೂತಲ್ಲೇ ಹದಿನಾಲ್ಕು ಸಾವಿರ ನಡೀತಾಳಂತ. ನಾನೂ ರೊಟ್ಟಿ ಬಡೀತೇನಿ, ನಡಿಯೂದು ಬಿಡ್ತೇನಿ. ನಿನ್ನೆಯಿಂದ ಮೈದಾನಕ್ಕ ಹೋಗಿಲ್ಲ ನೋಡ.”

ಶೀತಲ್ ಫೋನನ್ನು ಕೆಳಗಿಟ್ಟಳು. ಬಣ್ಣ ಬಿಡುವ ಸೀರೆಯನ್ನು ಬಣ್ಣ ಬಿಡುತ್ತದೆ ಅಂದವಳು ತಾನೇ. ಸೀರೆ ಕೆಟ್ಟರೆ ಇನ್ನೊಂದು ಬಂದೀತು, ಗುರುಬಸವ್ವ ಇರುವುದು ಒಬ್ಬಳೇ. ಪೋಸ್ಟ್ ಹೋದರೆ ನಲವತ್ತೊಂದು ಸಾವಿರದಲ್ಲಿ ಇಂಥವರು ಎಷ್ಟು ಮಂದಿಯೋ. ಇನ್ನೊಂದು ವಿಷಯವೂ ಆಗ ಹೊಳೆಯಿತು. ತನ್ನ ಕೈಯಲ್ಲಿದ್ದಾಗ ಗಂಟೆಗೊಮ್ಮೆ ಎದ್ದೇಳು ಎನ್ನುತ್ತಿದ್ದ ಬ್ಯಾಂಡು ಏಳು ತಾಸು ಕೂತೇ ಇದ್ದ ಅತ್ತೆಗೆ ಏಳು ದಿನದಲ್ಲಿ ಒಮ್ಮೆಯೂ ಎದ್ದೇಳು ಅನ್ನಲಿಲ್ಲ. ಅದರ ಪಾಲಿಗೆ ಹೊಳೆವ್ವ ನಡೆಯುತ್ತಲೇ ಇದ್ದಳು.

“ಚಿಗವ್ವಾ, ಅದು ಸುಳ್ಳ ಲೆಕ್ಕರಿ,” ಎಂದಳು ಶೀತಲ್. “ಕೈ ಆಡಿದ್ದನ್ನ ಹೆಜ್ಜಿ ಅಂತ ಎಣಿಸೈತಿ. ನೀವು ನಡಿಯೂದು ಬಿಡಬ್ಯಾಡ್ರಿ. ಇವತ್ತ ಸಂಜಿಗಿ ನಾನೂ ಬರ್ತೇನಿ.”

“ಹೊಳೆವ್ವಗ ಕಾಲನೋವು ಹೋಗೇತಂತಲ್ಲ?”

“ಅದೂ ಸುಳ್ಳ. ಅದನ್ನ ನಾ ಹೇಳಿದ್ದು.”

ಗುರುಬಸವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ನಿನ್ನ ಪೇಜಿನ ಹೆಸರ ಏನಂದಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದಳು.

ನಾಲ್ಕೂವರೆಗೆ ಶೀತಲ್ ಹಳೆಯ ಕ್ಯಾಪ್ಷನ್ ಪೂರ್ತಿ ಅಳಿಸಿದಳು. ಎರಡು ಸ್ಕ್ರೀನ್‌ಶಾಟ್ ಜೋಡಿಸಿದಳು, ತನ್ನ ಸಾವಿರದ ಒಂಬೈನೂರರದು ಒಂದು, ಅತ್ತೆಯ ವಾರದ್ದು ಒಂದು. ಹೊಸದಾಗಿ ಬರೆದಳು.

“ಜಾಹೀರಾತು. ಅಕ್ಕಾರ, ದೇವರಾಣಿ, ಎಡಕಿನ ಚಿತ್ರ ನಂದು. ಹಾಲಿಗಿ ಸ್ಕೂಟಿ ಮ್ಯಾಲೆ ಹೋಗಾಕಿ ಹೆಜ್ಜಿ ಇಷ್ಟ. ಬಲಕಿನ ದಿನಾ ಹದಿಮೂರು ಸಾವಿರ ನಮ್ಮತ್ತಿ ಕೂತು ರೊಟ್ಟಿ ಬಡದದ್ದು! ಕೈ ಆಡಿದ್ರ ಈ ಬ್ಯಾಂಡ್ ಹೆಜ್ಜಿ ಅಂತ ತಿಳೀತೈತಿ. ಅದಕ ರೊಟ್ಟಿ ಬಡಿಯೂಮುಂದ ಬಿಚ್ಚಿಡ್ರಿ, ನಡಿಯೂಮುಂದ ಕಟ್ಕೊಳ್ರಿ. ತಾಸಿಗೊಮ್ಮೆ ಏಳು ಅಂತ ಗುರ್ ಅಂತೈತಿ, ಆ ಬೈಗುಳ ನನಗ ಛಲೋ ಅನಿಸೈತಿ. ಔಷಧ ಅಲ್ಲ, ಡಾಕ್ಟರ್ ಹೇಳಿದ್ದನ್ನ ಬಿಡಬ್ಯಾಡ್ರಿ. ವಾರ ಪೂರಾ ಕಟ್ಕೊಂಡಾಕಿ ನಾ ಅಲ್ಲ, ನಮ್ಮತ್ತಿ.”

ಕಳಿಸಿ, ಫೋನನ್ನು ಮಗ್ಗುಲಲ್ಲಿಟ್ಟಳು. ಮೊದಲ ಜಾಹೀರಾತು ಕೈತಪ್ಪಿತು ಎಂದು ಅವಳಿಗೆ ಅಳು ಬಂತು. ಸ್ವಲ್ಪ ಅತ್ತಳು ಕೂಡ.

ಐದೂಮುಕ್ಕಾಲಿಗೆ ರಾಜಶ್ರೀ ಫೋನ್ ಮಾಡಿದಳು. “ಮೇಡಂ, ಕಂಪನಿಯವರು ಮ್ಯಾನ್ಯುಯಲ್ ನೋಡಿದ್ರು. ಕೈ ಚಲನೆ ಹೆಜ್ಜೆ ಅಂತ ಎಣಿಕೆ ಆಗ್ಬಹುದು ಅಂತ ಮೂವತ್ತೊಂದನೇ ಪುಟದಲ್ಲಿ ಅವ್ರೇ ಬರ್ದಿದಾರೆ. ಹಾಗಾಗಿ ಆಕ್ಷೇಪಣೆ ಇಲ್ಲ. ಆದ್ರೆ ಏಳು ದಿನ ನೀವೇ ಕಟ್ಕೋಬೇಕು ಅಂತ ನಿಯಮ ಇತ್ತಲ್ವಾ? ನಾಳೆಯಿಂದ ಕಟ್ಕೊಂಡು, ಏಳು ದಿನ ಆದ್ಮೇಲೆ ನಿಮ್ದೇ ಸ್ಕ್ರೀನ್‌ಶಾಟ್ ಸೇರ್ಸಿ ಹಾಕಿ. ಮತ್ತೆ ‘ದೇವರಾಣಿ’ ತೆಗೀಬೇಕಂತೆ.”

“ಯಾಕ್ರಿ?”

“ಖಾತ್ರಿ ಕೊಟ್ಟ ಹಾಗಾಗುತ್ತಂತೆ ಮೇಡಂ.”

ಶೀತಲ್ ದೇವರನ್ನು ತೆಗೆದಳು.

ಇನ್ನು ಉಳಿದದ್ದು ಅತ್ತೆ. ಅಡುಗೆಮನೆಗೆ ಹೋದಾಗ ಹೊಳೆವ್ವ ಒಣ ರೊಟ್ಟಿಗಳನ್ನು ಬುಟ್ಟಿಗೆ ಜೋಡಿಸುತ್ತಿದ್ದಳು.

“ಅತ್ತಿ, ಪಟ್ಟಿಗೂ ಕಾಲನೋವಿಗೂ ಸಂಬಂಧ ಇಲ್ರಿ. ನಾ ಸುಳ್ಳ ಹೇಳಿದ್ದೆ. ನನ್ನ ಕೆಲಸಕ್ಕ ನಿಮ್ಮ ಕೈ ಬಳಸ್ಕೊಂಡೆ,” ಎಂದಳು ಶೀತಲ್, ಒಂದೇ ಉಸಿರಿಗೆ.

“ಗೊತ್ತಿತ್ತ ಬಿಡ,” ಎಂದಳು ಹೊಳೆವ್ವ, ರೊಟ್ಟಿಯಿಂದ ಕಣ್ಣು ತೆಗೆಯದೆ. “ರಬ್ಬರ ಪಟ್ಟಿ ಕಟ್ಟಿದ್ರ ಮೊಣಕಾಲ ನೆಟ್ಟಗಾಗತೈತಂತ ನಂಬಾಕ ನಾ ಏನ ಕೂಸ?”

“ಮತ್ತ ದಿನಾ ಕಟ್ಟಿಸ್ಕೊಂಡ್ರಿ? ಹಗರ ಆಗೈತಿ ಅಂದ್ರಿ?”

ಹೊಳೆವ್ವ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿದಳು. “ಈ ಮನಿಗಿ ಬಂದ ನಾಕ ವರ್ಷದಾಗ ನೀ ಒಲಿ ಮುಂದ ನನ್ನ ಬಾಜೂ ಕೂತಿರಲಿಲ್ಲ. ದಿನಾ ಬಂದ ಕೈ ಹಿಡದ, ಹಿಟ್ಟ ಒರಸಿ, ಕಾಲ ಹೆಂಗೈತಿ ಅಂತ ಕೇಳಾಕತ್ತಿದ್ದಿ. ಅದಕ ಕಟ್ಟಿಸ್ಕೊಂಡೆ.”

ಹೊರಗಿನಿಂದ ಗುರುಬಸವ್ವ ಕೂಗಿದಳು, ಮೈದಾನಕ್ಕೆ ಹೊತ್ತಾಯಿತು ಎಂದು. “ನೀವು ಮುಂದ ನಡೀರಿ ಚಿಗವ್ವಾ, ಅತ್ತಿನ್ನ ಒಂಚೂರು ನಡಿಸ್ಕೊಂಡ ಬಂದ ನಿಮ್ಮನ್ನ ಕೂಡತೇನಿ,” ಎಂದಳು ಶೀತಲ್. ಶೀತಲ್ ಅತ್ತೆಯ ಬಲಗೈ ಹಿಡಿದು, ಹಿಟ್ಟು ಒರೆಸಿ, ಬ್ಯಾಂಡ್ ಕಟ್ಟಿದಳು. ನಾಳೆಯಿಂದ ಅದು ತನ್ನ ಕೈಗೆ ಬರಬೇಕು, ಇವತ್ತು ಅತ್ತೆಯದು. ಅತ್ತೆ ಸೊಸೆ ಇಬ್ಬರೂ ನಿಧಾನವಾಗಿ ಎದ್ದು, ಓಣಿಯ ತುದಿಯ ಬೇವಿನ ಮರದವರೆಗೆ ಹೋಗಿ, ಅಲ್ಲಿ ಕಟ್ಟೆಯ ಮೇಲೆ ಸುಧಾರಿಸಿಕೊಂಡು, ಹಿಂತಿರುಗಿದರು. ಸ್ಕೂಟಿ ಬಾಗಿಲಲ್ಲೇ ನಿಂತಿತ್ತು.

“ಎಷ್ಟಾತು?” ಎಂದು ಕೇಳಿದಳು ಹೊಳೆವ್ವ, ಏದುಸಿರು ಬಿಡುತ್ತ.

“ನಾನೂರಾ ಹನ್ನೊಂದು.”

“ಇವು ಖರೇವಲ್ಲ?”

“ಖರೇವ್ರಿ ಅತ್ತಿ.”

“ಹಂಗಾರ ನಾಳೆ ಮುಂಜಾನೆನೂ ಬಂದ ನನ್ನ ಬಾಜೂ ಕೂಡು,” ಎಂದಳು ಹೊಳೆವ್ವ. “ಪಟ್ಟಿ ನೀನ ಕಟ್ಕೊ.”