ಹದಿನಾಲ್ಕರ ನಂತರ ಹೊಸದರಂತಿದೆ

ಪುಸ್ತಕಗಳನ್ನು ಚಾಪೆಯ ತುಂಬ ಹರಡಿಕೊಂಡು ಲೈಸಾನಿ ಅವುಗಳ ನಡುವೆಯೇ ಮಲಗಿಬಿಟ್ಟಿದ್ದಳು. ಚಿಕ್ಕಮ್ಮ ಮಾರ್ಕೆಟ್ಟಿಗೆ ಹೋಗಿದ್ದಳು. ತಗಡಿನ ಮಾಡಿನ ಮೇಲೆ ಸುವಾ ಪಟ್ಟಣದ ಮಧ್ಯಾಹ್ನದ ಮಳೆ ತನ್ನ ಪಾಡಿಗೆ ಸುರಿಯುತ್ತಿತ್ತು. ಅರೆಗಣ್ಣಿನಲ್ಲಿ ಅವಳಿಗೆ ಬಿಳಿ ವಾರ್ಡೊಂದು ಕಾಣುತ್ತಿತ್ತು. ಮಂಚದ ಮೇಲೆ ಮಂಚ, ಎಲ್ಲದರ ಮೇಲೂ ಸಮುದ್ರದ ತಿಳಿನೀರು, ರೋಗಿಗಳು ತೇಲುತ್ತ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಯಾರಿಗೆ ಎಷ್ಟು ಮದ್ದು ಎನ್ನುವುದು ಮಾತ್ರ ಅಲ್ಲಿಯೂ ನೆನಪಾಗುತ್ತಿರಲಿಲ್ಲ.

ಎದ್ದು ಕುಳಿತು ಮುಖ ಒರೆಸಿಕೊಂಡಳು. ಇವತ್ತು ಈ ಪುಸ್ತಕಗಳನ್ನು ಮಾರಾಟಕ್ಕೆ ಹಾಕಿಯೇ ಬಿಡಬೇಕು ಎಂದುಕೊಂಡಳು. ನರ್ಸಿಂಗ್ ಕಾಲೇಜಿನ ಔಷಧಶಾಸ್ತ್ರದ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಳು. ಮೂರನೆಯ ಸಲಕ್ಕೆ ಹೆಸರು ಕೊಡಲು ಶುಕ್ರವಾರ ಕೊನೆ. ದೂರದ ದ್ವೀಪದ ಊರಿನಲ್ಲಿದ್ದ ಅವ್ವನಿಗೆ ಮಗಳು ಇನ್ನೇನು ನರ್ಸಮ್ಮ ಆಗಿಬಿಟ್ಟಳು ಎಂಬ ಭ್ರಮೆ. ಪುಸ್ತಕಗಳೇ ಕೈಬಿಟ್ಟು ಹೋದರೆ ಮೂರನೆಯ ಸಲದ ಮಾತೇ ಬರುವುದಿಲ್ಲ, ಮನಸ್ಸಿಗೂ ನೆಮ್ಮದಿ. ಹೀಗೆ ತನ್ನನ್ನು ತಾನೇ ನಂಬಿಸುವುದರಲ್ಲಿ ಅವಳು ಪಳಗಿದ ಕೈ.

ಆದರೆ ಪುಸ್ತಕದ ವಿಷಯದಲ್ಲಿ ಸುಳ್ಳು ಬರೆಯುವ ಹುಡುಗಿಯಲ್ಲ. ಫೇಸ್‌ಬುಕ್ಕಿನ ಗುಂಪಿನಲ್ಲಿ ಹಳೆ ಆವೃತ್ತಿಯನ್ನು ಹೊಸದೆಂದು ಮಾರಿ, ಆಮೇಲೆ ಫೋನೇ ಎತ್ತದವರನ್ನು ಅವಳು ಕಂಡಿದ್ದಳು. ಪ್ರತಿ ಪುಸ್ತಕದ ಒಳಪುಟ ತೆಗೆದು ಆವೃತ್ತಿಯನ್ನು ನೋಡಿ, ಕಾಲೇಜಿನ ಈ ವರ್ಷದ ಪಟ್ಟಿಗೆ ಹೋಲಿಸಿ ಬರೆಯತೊಡಗಿದಳು. ಅಂಗರಚನೆ, ಒಂಬತ್ತನೇ ಆವೃತ್ತಿ, ಪಟ್ಟಿಯಲ್ಲಿರುವುದು ಇದೇ. ಬೆನ್ನಿನ ಹೊಲಿಗೆ ಬಿಟ್ಟಿದೆ, ಟೇಪು ಹಾಕಿದೆ, ಪುಟಗಳೆಲ್ಲ ಇವೆ. ಶುಶ್ರೂಷೆಯ ಮೂಲಪಾಠ, ಏಳನೇ ಆವೃತ್ತಿ. ಪಟ್ಟಿಯಲ್ಲಿ ಎಂಟನೆಯದಿದೆ, ಗಾಯದ ಆರೈಕೆಯ ಅಧ್ಯಾಯ ಬದಲಾಗಿದೆ, ಮೇಷ್ಟರನ್ನು ಕೇಳಿಕೊಂಡು ಕೊಳ್ಳಿ. ಅಭ್ಯಾಸಪುಸ್ತಕ ಸೇರಿದೆ, ಉತ್ತರಗಳು ಪೆನ್ಸಿಲ್‌ನಲ್ಲಿವೆ, ಅಳಿಸಬಹುದು. ಆನ್‌ಲೈನ್ ಕೋಡ್ ಬಳಸಿ ಆಗಿದೆ, ಸಿಗುವುದಿಲ್ಲ. ಸ್ಟೆತಸ್ಕೋಪ್ ಸೇರಿಲ್ಲ. ಬಿಡಿಬಿಡಿಯಾಗಿ ಕೊಡುವುದಿಲ್ಲ.

ಔಷಧಶಾಸ್ತ್ರದ ಹತ್ತಿರ ಬಂದಾಗ ಬೆರಳು ನಿಂತಿತು. ಪುಟ ತಿರುವುತ್ತ ತಿರುವುತ್ತ ಮತ್ತೆ ಆ ತಿಳಿನೀರಿನ ವಾರ್ಡಿಗೆ ಹೋಗಿಬಂದಳು. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಬರೆದಳು: ಎಂಟನೇ ಆವೃತ್ತಿ, ಎರಡನೇ ವರ್ಷಕ್ಕೆ. ಹದಿನಾಲ್ಕನೇ ಅಧ್ಯಾಯದವರೆಗೆ ಹಳದಿ ಮತ್ತು ಹಸಿರು ಗೆರೆಗಳಿವೆ. ಹದಿನಾಲ್ಕರ ನಂತರ ಹೊಸದರಂತಿದೆ.

ಆವೃತ್ತಿ ಕಾಣಲೆಂದು ಒಳಪುಟಗಳ ಫೋಟೊ ಹಾಕಿದಳು. ಆ ಪುಟದ ಮೂಲೆಯಲ್ಲಿ ತನ್ನ ಹೆಸರು, ಊರು ಬರೆದುಕೊಂಡದ್ದು ಅವಳಿಗೆ ಮರೆತೇ ಹೋಗಿತ್ತು.

ಚಹಾ ಕುದಿಯುವಷ್ಟರಲ್ಲಿ ಫೋನು ಟಣ್ಣೆಂದಿತು. ಎಲ್ಲರೂ ನೋಡುವಂತೆ ಯಾರೋ ಸೆರೆಯಾನಾ ಎಂಬಾಕೆ ಬರೆದಿದ್ದಳು: "ಅಯ್ಯೋ, ಆ ಊರಿನವಳಾ? ನಮ್ಮ ಆಮೆ ತಿಂದು ಬರೀ ಚಿಪ್ಪು ವಾಪಸ್ ಕಳ್ಸಿದೋರು ನೀವೇ ಅಲ್ವೇನೇ? ಪುಸ್ತಕದಲ್ಲಾದ್ರೂ ಒಳಗೇನಾದ್ರೂ ಉಳ್ಸಿದ್ದೀರೋ, ಅದನ್ನೂ ತಿಂದ್ಬಿಟ್ರೋ?"

ಗುಂಪಿನ ಬೇರೆಯವರು ಕಂಗಾಲಾಗಿರಬೇಕು. ಲೈಸಾನಿ ಮಾತ್ರ ಎಷ್ಟೋ ದಿನಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಜ್ಜಂದಿರ ಕಾಲದ ಆ ಆಮೆಯ ಕತೆ ಎತ್ತಿದ್ದರಿಂದಲೇ ಬರೆದವಳ ಊರು ಯಾವುದೆಂದು ಗೊತ್ತಾಗಿತ್ತು. ಸೆರೆಯಾನಾಳ ಊರಿಗೂ ಅವಳ ಊರಿಗೂ ಮೂಲದೈವ ಒಂದೇ. ಅಂಥವರು ಪರಸ್ಪರ ತೌವು. ತೌವು ಬಾಯಿಗೆ ಬಂದಂತೆ ಬೈದರೂ ನಗಬೇಕು, ಅಂಗಳದ ಕೋಳಿ ಹಿಡಿದುಕೊಂಡು ನಡೆದರೂ ನಗಬೇಕು. ಕೇಳಿದ್ದಕ್ಕೆ ಇಲ್ಲ ಎನ್ನುವಂತಿಲ್ಲ. ಅಜ್ಜಿ ಅದೊಂದನ್ನು ತಲೆಗೆ ಮೊಟಕಿ ಕಲಿಸಿದ್ದಳು.

"ಬಾ, ಬಂದು ನೋಡ್ಕೊಂಡು ಹೋಗು. ಓದೋಕೆ ಬರುತ್ತೆ ತಾನೇ ನಿಮ್ಮೂರಲ್ಲಿ?" ಎಂದು ವಿಳಾಸ ಬರೆದಳು.

ಮರುದಿನ ಮಧ್ಯಾಹ್ನ ಬಂದವಳು ನಲವತ್ತು ದಾಟಿದ ಹೆಂಗಸು, ಮೂರು ಮಕ್ಕಳ ತಾಯಿ. ಹನ್ನೆರಡು ವರ್ಷ ಊರಿನ ಆರೋಗ್ಯ ಕಾರ್ಯಕರ್ತೆಯಾಗಿದ್ದು, ಈ ವರ್ಷ ನರ್ಸಿಂಗ್ ಸೇರಿದ್ದಳು. ಸೋಮವಾರ ಪಾಠ ಶುರು. ಕೊಡೆ ಮಡಚಿ, ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತವಳೇ ಲೈಸಾನಿಯ ಬರಹವನ್ನು ಫೋನಿನಲ್ಲಿ ತೆರೆದಿಟ್ಟುಕೊಂಡು ಒಂದೊಂದೇ ಪುಸ್ತಕವನ್ನು ಸಾಲುಸಾಲಾಗಿ ತಾಳೆ ನೋಡಿದಳು. ಬಾಯಿ ಬೈಯುತ್ತಿತ್ತು, ಕಣ್ಣು ಕೆಲಸ ಮಾಡುತ್ತಿತ್ತು.

"ಟೇಪು ಅಂದಿದ್ದೆ, ಟೇಪಿದೆ. ಆಮೆ ತಿಂದೋರಾದ್ರೂ ಸುಳ್ಳು ಹೇಳಲ್ಲ. ಪೆನ್ಸಿಲ್ ಉತ್ತರ ಅಳಿಸ್ಬೇಡ ಬಿಡು, ನಂಗೆ ಬೇಕಾಗುತ್ತೆ. ಏಳನೇದಕ್ಕೆ ಪರ್ವಾಗಿಲ್ಲ ಅಂದ್ರು ಮೇಷ್ಟ್ರು, ಆ ಅಧ್ಯಾಯ ಲೈಬ್ರರೀಲಿ ಓದ್ಕೋ ಅಂದ್ರು."

ಔಷಧಶಾಸ್ತ್ರವನ್ನು ಮಾತ್ರ ತೊಡೆಯ ಮೇಲಿಟ್ಟುಕೊಂಡಳು. ಪುಟಗಳನ್ನು ಹಿಂದಕ್ಕೂ ಮುಂದಕ್ಕೂ ಮಗುಚಿದಳು. ಮಳೆ ನಿಂತು ಬಾಗಿಲಲ್ಲಿ ಹೊಗೆಯಂಥ ಬೆಳಕು ಬಿದ್ದಿತ್ತು. ಲೈಸಾನಿಗೆ ಆ ಬೆಳಕಿನಲ್ಲಿ ಎದುರಿಗೆ ಕುಳಿತವಳು ನಿಜವೋ, ತನ್ನ ವಾರ್ಡಿನಿಂದ ತೇಲಿ ಬಂದವಳೋ ಎಂದು ಒಂದು ಗಳಿಗೆ ಅನುಮಾನವಾಯಿತು.

"ಹಳದಿ ಗೆರೆ ಹದಿನಾಲ್ಕಕ್ಕೆ ನಿಂತಿದೆ," ಎಂದಳು ಸೆರೆಯಾನಾ. "ಅದರ ಮೇಲೆ ಎಳೆದಿರೋ ಹಸಿರೂ ಅಲ್ಲೇ ನಿಂತಿದೆ. ಎರಡು ಸಲ ಹೊರಟು ಎರಡು ಸಲಾನೂ ಅದೇ ಗೇಟಲ್ಲಿ ಕೂತ್ಬಿಟ್ಯಾ?"

ಲೈಸಾನಿ ತಲೆ ತಗ್ಗಿಸಿದಳು. ಇಷ್ಟು ದಿನ ಯಾರಿಗೂ ಹೇಳದ್ದನ್ನು ಯಾವಳೋ ಪುಸ್ತಕದಿಂದ ಓದಿಬಿಟ್ಟಿದ್ದಳು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಎದೆ ಹಗುರಾಯಿತು.

"ಹದಿನೈದು ಹೃದಯದ ಮದ್ದು ಅಕ್ಕಾ. ತೂಕ ನೋಡಿ ಲೆಕ್ಕ ಹಾಕ್ಬೇಕು. ದಶಮಾಂಶದ ಚುಕ್ಕಿ ಒಂದು ಆಕಡೆ ಈಕಡೆ ಆದ್ರೆ ಮನುಷ್ಯ ಹೋದ. ಓದ್ತಾ ಓದ್ತಾ ಯಾರನ್ನೋ ಕೊಂದ ಹಾಗೇ ಆಗುತ್ತೆ, ಪುಸ್ತಕ ಮುಚ್ಚಿಬಿಡ್ತೀನಿ."

"ಒಳ್ಳೇದಾಯ್ತು. ಹೆದರದೇ ಇರೋ ನರ್ಸು ಕೈಗೆ ನನ್ನ ಮಕ್ಕಳನ್ನ ನಾನಂತೂ ಕೊಡಲ್ಲ." ಅವಳು ಪುಸ್ತಕವನ್ನು ಚಾಪೆಯ ಮೇಲಿಟ್ಟು ಲೈಸಾನಿಯ ಕಡೆಗೆ ತಳ್ಳಿದಳು. "ಇದು ನಂಗೆ ಮುಂದಿನ ವರ್ಷಕ್ಕೆ ಬೇಕಾಗಿರೋದು. ಅರ್ಧ ಗೆರೆ ಎಳೆದಿರೋದನ್ನ ನಾನು ಒಯ್ಯಲ್ಲ. ಕೊನೇ ಪುಟದವರೆಗೂ ಎಳೆದು, ಪಾಸಾಗಿ, ಆಮೇಲೆ ನಂಗೆ ಕೊಡು."

"ಮುಂದಿನ ವರ್ಷ ಆವೃತ್ತಿ ಬದಲಾದ್ರೆ?"

"ಏನು ಬದಲಾಯ್ತು ಅಂತ ನೀನೇ ಹೇಳ್ಕೊಡ್ತೀಯ. ಅಷ್ಟೊತ್ತಿಗೆ ನಿಂಗೆ ಗೊತ್ತಿರುತ್ತೆ."

"ನನ್ನ ಕೈಲಿ ಆಗಲ್ಲ ಅಕ್ಕಾ."

ಸೆರೆಯಾನಾಳ ಮುಖದಲ್ಲಿ ನಗು ಅಡಗಿತು. ಅವಳು ಬೆನ್ನು ನೆಟ್ಟಗೆ ಮಾಡಿ ಕುಳಿತಳು. "ನೋಡು, ನಾನೀಗ ಪೇಟೆಯವಳ ಹಾಗೆ ಕೊಳ್ಳೋಕೆ ಬಂದಿಲ್ಲ. ನಿನ್ನ ತೌವು ಆಗಿ ಕೇಳ್ತಿದ್ದೀನಿ. ಪೂರ್ತಿ ಓದಿದ ಪುಸ್ತಕ ನಂಗೆ ಬೇಕು. ಇಲ್ಲ ಅಂತೀಯಾ?"

ಲೈಸಾನಿ ಬಾಯಿ ತೆರೆದಳು. ಆ ಒಂದು ಮಾತು ಅವಳ ಮನೆತನದ ಯಾವ ಬಾಯಿಯಲ್ಲೂ ಬಂದದ್ದಿಲ್ಲ, ಅವಳ ಬಾಯಲ್ಲೂ ಬರಲಿಲ್ಲ. ಅಳು ಬಂತು. ಅಳುತ್ತಲೇ, "ಹಗಲು ದರೋಡೆ ಇದು," ಎಂದಳು.

"ಆಮೆಗೆ ಸರಿಹೋಯ್ತು," ಎಂದು ಸೆರೆಯಾನಾ ಉಳಿದ ಪುಸ್ತಕಗಳನ್ನು ಚೀಲಕ್ಕೆ ತುಂಬಿದಳು. ಹಣವನ್ನು ಚಹಾದ ಬಟ್ಟಲಿನ ಕೆಳಗಿಟ್ಟು, ಗೇಟಿನ ತನಕ ಬೈಯುತ್ತಲೇ ಹೋದಳು.

ಲೈಸಾನಿ ಫೋನು ತೆಗೆದು 'ಮಾರಾಟವಾಗಿದೆ' ಎಂದು ಹಾಕಿದಳು. ಕೆಳಗೆ ಅಷ್ಟರಲ್ಲೇ ಯಾರೋ ಹುಡುಗಿ ಕೇಳಿದ್ದಳು: ಔಷಧಶಾಸ್ತ್ರ ಒಂದಾದರೂ ಉಳಿದಿದೆಯಾ?

"ಇಲ್ಲ ತಂಗಿ, ಅದು ಬಳಕೆಯಲ್ಲಿದೆ," ಎಂದು ಬರೆದಳು.

ಕಾಲೇಜಿನ ಫಾರಂ ತೆರೆದು ಮೂರನೆಯ ಸಲಕ್ಕೆ ಹೆಸರು ಕೊಟ್ಟಳು. ಆಮೇಲೆ ದ್ವೀಪಕ್ಕೆ ಫೋನು ಹಚ್ಚಿ, "ಅವ್ವಾ, ನಾನು ಎರಡು ಸಲ ಫೇಲಾಗಿದ್ದೀನಿ," ಎಂದು ಶುರುಮಾಡಿದಳು.