ಎಂಟು ನಿಮಿಷದ ಸುಳ್ಳು

ಯಲಬುರ್ಗಾದ ಬಸ್ ನಿಲ್ದಾಣದಲ್ಲಿ ಇಪ್ಪತ್ತೆರಡು ವರ್ಷ ಕಂಟ್ರೋಲರ್ ಆಗಿದ್ದ ಗೋವಿಂದರಾಜರಿಗೆ ನಿವೃತ್ತಿಯಾದ ಮೇಲೂ ಕೆಲಸ ತಪ್ಪಲಿಲ್ಲ. ಊರಿನ ಯಾರಿಗಾದರೂ ಹೊರಗೆ ಹೋಗುವುದಿದ್ದರೆ, ಅದರಲ್ಲೂ ಬಸ್ಸಿಳಿದು ರೈಲು ಹತ್ತುವ ಪ್ರಯಾಣವಿದ್ದರೆ, ಮೊದಲು ಅವರ ಕಟ್ಟೆಗೇ ಬರುತ್ತಿದ್ದರು. ಬಸ್ಸಿನ ವೇಳಾಪಟ್ಟಿಯ ಸ್ಕ್ರೀನ್‌ಶಾಟ್ ಒಂದು, ರೈಲಿನದೊಂದು. ಎರಡನ್ನೂ ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿ, ಗೆರೆ ಎಳೆದ ಹಾಳೆಯ ಮೇಲೆ ಅವರು ದಾರಿ ಬರೆದುಕೊಡುತ್ತಿದ್ದರು. ಎಷ್ಟಕ್ಕೆ ಹತ್ತಬೇಕು, ಎಷ್ಟಕ್ಕೆ ಇಳಿಯಬೇಕು, ನಡುವೆ ಎಷ್ಟು ಹೊತ್ತು ಕೈಯಲ್ಲಿರುತ್ತದೆ, ಗಾಡಿ ತಪ್ಪಿದರೆ ಮುಂದಿನದು ಯಾವುದು, ಎಲ್ಲ ಅದರಲ್ಲಿರುತ್ತಿತ್ತು.

ಅವರದೊಂದು ಲೆಕ್ಕವಿತ್ತು. ಬಸ್ಸು ಹಾದಿಯಲ್ಲಿ ತಡವಾಗುವುದಕ್ಕೆ ಕಾಲು ತಾಸು. ಇಳಿದು ಆಟೋ ಹಿಡಿದು ಸ್ಟೇಶನ್ ಮುಟ್ಟುವುದಕ್ಕೆ ಇನ್ನೊಂದು ಕಾಲು ತಾಸು. ಟಿಕೆಟಿನ ಸಾಲಿಗೆ ಹತ್ತು ನಿಮಿಷ, ಪ್ಲಾಟ್‌ಫಾರ್ಮ್ ಹುಡುಕುವುದಕ್ಕೆ ಐದು. ಮುಕ್ಕಾಲು ತಾಸು ಹೀಗೆ ಖರ್ಚಾಯಿತು. ಅದರ ಮೇಲೆ ಇನ್ನೊಂದು ಕಾಲು ತಾಸನ್ನು ಅವರು ಯಾತಕ್ಕೂ ಲೆಕ್ಕ ಹಿಡಿಯದೆ ಹಾಗೇ ಬಿಡುತ್ತಿದ್ದರು. ಒಟ್ಟು ಒಂದು ತಾಸು. "ಬಸ್ಸಿನಾಂವ ನಿಮ್ಮನ್ನ ಕಾಯ್ತಾನ, ಕೈ ಮಾಡಿದ್ರ ನಿಲ್ಲಸ್ತಾನ. ರೈಲಿನಾಂವ ಕಾಯಂಗಿಲ್ಲ. ಅದಕ್ಕ ಒಂದ ತಾಸು," ಅನ್ನುತ್ತಿದ್ದರು.

ಆಗಸ್ಟ್ ತಿಂಗಳ ಒಂದು ಸಂಜೆ ಭವಾನಿ ಬಂದಳು. ಅವಳ ತಂದೆ ವಿರೂಪಾಕ್ಷಪ್ಪ ಕಂಡಕ್ಟರ್ ಆಗಿದ್ದವರು, ಗೋವಿಂದರಾಜರ ಜೀವದ ಗೆಳೆಯ, ತೀರಿಹೋಗಿ ಆರು ವರ್ಷ. ಭವಾನಿ ಹಾಸ್ಟೆಲ್ ಒಂದರಲ್ಲಿ ಅಡುಗೆ ಮಾಡುತ್ತಿದ್ದಳು, ದಿನಗೂಲಿಯ ಮೇಲೆ. ಅಡುಗೆ ಮಾಡುತ್ತಲೇ ಪದವಿ ಮುಗಿಸಿ, ಮೇಲ್ವಿಚಾರಕಿ ಹುದ್ದೆಗೆ ಪರೀಕ್ಷೆ ಬರೆದು, ಆಯ್ಕೆ ಪಟ್ಟಿ ಸೇರಿದ್ದಳು. ದಾಖಲೆ ಪರಿಶೀಲನೆಗೆ ಬಳ್ಳಾರಿಗೆ ಕರೆದಿದ್ದರು. ಬುಧವಾರ, ಹನ್ನೊಂದೂವರೆಯೊಳಗೆ.

"ಇದ ಕಡೀ ಸಲ ಕಾಕಾ," ಅಂದಳು. "ಬರೋ ವರ್ಷಕ್ಕ ವಯಸ್ಸು ಮೀರತೈತಿ."

"ಹಂಗಾರ ಹಿಂದಿನ ದಿನಾನ ಹೋಗಿ ಉಳಕೋ."

"ಅವ್ವನ್ನ ಬಿಟ್ಟು ಹೆಂಗ ಉಳೀಲಿ? ನಮ್ಮ ಮನಿಯವರು ದುಡಿಯಾಕ ಬ್ಯಾರೆ ಊರಾಗದಾರ. ಮುಂಜಾನಿ ಆರಕ್ಕ ಸಕ್ಕರಿ ಬ್ಯಾನಿ ಸೂಜಿ ಮಾಡಬೇಕು, ಅದರ ಹಿಂದನ ಒಂದೀಟು ತಿನ್ನಸಬೇಕು. ಅಕಿಗೆ ಕಣ್ಣು ಕಾಣಂಗಿಲ್ಲ, ನಿಮಗ ಗೊತ್ತಲ್ಲ."

ಗೋವಿಂದರಾಜರು ಕನ್ನಡಕ ಏರಿಸಿದರು. ಬಸ್ಸಿನ ಪಟ್ಟಿಯನ್ನು ಡಿಪೋದ ಹಳೆಯ ಹುಡುಗರು ಕಳಿಸಿದ್ದರು. ಪಟ್ಟಿಯ ನೆತ್ತಿಯ ಮೇಲೆಯೇ ಯಾವ ದಿನದಿಂದ ಜಾರಿ ಎಂದು ಬರೆದಿತ್ತು. ಕೊಪ್ಪಳಕ್ಕೆ ಮೊದಲನೆಯದು ಐದೂವರೆಗೆ, ಎರಡನೆಯದು ಆರು ನಲವತ್ತಕ್ಕೆ. ಎರಡನೆಯದು ಏಳು ಐವತ್ತೈದಕ್ಕೆ ಕೊಪ್ಪಳ ಮುಟ್ಟುತ್ತಿತ್ತು. ರೈಲಿನ ಪಟ್ಟಿಯನ್ನು ಅವರ ತಂಗಿಯ ಮಗ ಕೊಟ್ರೇಶ ಕಳಿಸಿದ್ದ. ಗಿಣಿಗೇರಾದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅವನು ರೈಲಿನಲ್ಲಿ ಓಡಾಡಿದವನು. ಅದರಲ್ಲಿ ಬಳ್ಳಾರಿ ಕಡೆಗಿನ ಗಾಡಿ ಕೊಪ್ಪಳ ಬಿಡುವುದು ಎಂಟು ಐವತ್ತಕ್ಕೆ ಎಂದಿತ್ತು. ಹತ್ತು ಮುಕ್ಕಾಲಿಗೆ ಬಳ್ಳಾರಿ. ಅಲ್ಲಿಂದ ಕಚೇರಿಗೆ ಹತ್ತು ನಿಮಿಷದ ಹಾದಿ.

ನಡುವೆ ಐವತ್ತೈದು ನಿಮಿಷ. ಒಂದು ತಾಸಿಗೆ ಐದು ಕಡಿಮೆ.

"ಐದೂವರಿ ಬಸ್ಸಿಗೆ ಹೋದ್ರ ಛಲೋ," ಅಂದರು.

ಭವಾನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು. ಆ ಸುಮ್ಮನಿರುವಿಕೆಯಲ್ಲಿ ಗೋವಿಂದರಾಜರಿಗೆ ಗೆಳೆಯನೇ ಕಂಡ. ವಿರೂಪಾಕ್ಷಪ್ಪನೂ ಹೀಗೇ, ಏನನ್ನೂ ಬಾಯಿಬಿಟ್ಟು ಕೇಳಿದವನಲ್ಲ.

"ಆತು ಬಿಡವಾ, ಐದು ನಿಮಿಷದಾಗ ಏನಾಕೈತಿ. ಆರೂ ನಲವತ್ತರದ್ದ ಹತ್ತು. ಅವ್ವಗ ಸೂಜಿ ಮಾಡಿ ಬಾ," ಅಂದು ಹಾಳೆಯ ಮೇಲೆ ಬರೆದರು.

ಬರೆಯುವಾಗಲೇ ಅವರ ಕಣ್ಣಿಗೆ ಒಂದು ಬಿದ್ದಿತ್ತು. ರೈಲಿನ ಸ್ಕ್ರೀನ್‌ಶಾಟಿನ ಮೇಲ್ಭಾಗ ಕತ್ತರಿಸಿಹೋಗಿತ್ತು. ಯಾವ ದಿನ ತೆಗೆದದ್ದು, ಯಾವಾಗಿನಿಂದ ಜಾರಿಯಾದ ವೇಳೆ, ಒಂದೂ ಇರಲಿಲ್ಲ. ತಾರೀಖಿಲ್ಲದ ಪಟ್ಟಿಯನ್ನು ಬೋರ್ಡಿಗೆ ಅಂಟಿಸಿದ್ದಕ್ಕೆ ಕೆಳಗಿನವರನ್ನು ಎಷ್ಟು ಸಲ ಬೈದಿದ್ದರೋ ಅವರಿಗೇ ಲೆಕ್ಕವಿಲ್ಲ. ರೈಲ್ವೆಯ ನಂಬರಿಗೆ ಒಂದು ಫೋನ್ ಹಚ್ಚಿ ಕೇಳಿದ್ದರೆ ಎರಡು ನಿಮಿಷದ ಮಾತು. ನಾಳೆ ಕೇಳಿದರಾಯಿತು ಅಂದುಕೊಂಡರು. ಮರುದಿನ ಯಾರೋ ಕುಷ್ಟಗಿಯಿಂದ ಬಂದರು, ಅದರ ಮರುದಿನ ಮರೆತರು.

ಬುಧವಾರ ಮುಂಜಾನೆ ಎಂಟೂವರೆಗೆ ಫೋನ್ ಬಂತು.

"ಕಾಕಾ, ಗಾಡಿ ಹೋತು."

"ಯಾವ ಗಾಡಿ? ಇನ್ನೂ ಇಪ್ಪತ್ತು ನಿಮಿಷ ಐತೆಲ್ಲ!"

"ಎಂಟು ಇಪ್ಪತ್ತೆರಡಕ್ಕ ಹೋತ್ರಿ. ನಾ ಟಿಕೆಟ್ ತಗೊಂಡು ಬರೂದ್ರಾಗ ಕಣ್ಮುಂದನ ಹೋತು. ಕುಕನೂರದಾಗ ಒಬ್ಬ ಮುದುಕನ್ನ ಹತ್ತಸ್ಕೊಳ್ಳಾಕ ಡ್ರೈವರ್ ನಿಲ್ಲಿಸಿದ, ಮುಂದ ಕುರಿ ಹಿಂಡು ಅಡ್ಡ ಬಂತು. ಬಸ್ಸು ಎಂಟು ನಿಮಿಷ ಲೇಟ್ ಕಾಕಾ. ಆ ಎಂಟು ನಿಮಿಷ ಇದ್ದಿದ್ರ ನಂಗ ಸಿಗತಿತ್ತು."

ಮುಂದಿನ ರೈಲು ಹನ್ನೊಂದು ದಾಟಿದ ಮೇಲೆ. ಗೋವಿಂದರಾಜರು ಹೊಸಪೇಟೆ ಮೇಲಿಂದ ಹೋಗುವ ಬಸ್ಸು ಹಿಡಿಯಲು ಹೇಳಿದರು, ಬೇರೆ ದಾರಿಯಿರಲಿಲ್ಲ. ಬಸ್ಸು ಒಂಬತ್ತಕ್ಕೆ ಕೊಪ್ಪಳ ಬಿಟ್ಟಿತು. ಭವಾನಿ ಕಚೇರಿಯ ಬಾಗಿಲಿಗೆ ಹೋದಾಗ ಹನ್ನೆರಡೂ ಹತ್ತು. ಹಾಜರಾತಿಯ ಪಟ್ಟಿ ಮುಚ್ಚಿ ಸಹಿ ಆಗಿತ್ತು. ಕೈ ಮುಗಿದು ನಿಂತವಳಿಗೆ ಒಳಗಿನವರು, ನಿಯಮ ಮೊದಲೇ ತಿಳಿಸಿದ್ದೇವಲ್ಲ ತಾಯಿ, ಅಂದರಂತೆ. ಅವಳ ಕೆಳಗಿನ ಹೆಸರಿನವರನ್ನು ಕರೆದರು.

ಅಂದು ಸಂಜೆ ಅವಳು ಬಸ್ಸಿಳಿದು ನೇರ ಅವರ ಮನೆಗೇ ಬಂದಳು. ಅಳಲಿಲ್ಲ. ಫೈಲನ್ನು ಮಡಿಲಲ್ಲಿಟ್ಟುಕೊಂಡು, "ರೈಲಿನ ಟೈಮ್ ಈಗೀಗ ಬದಲಾಗಿರಬೇಕು, ಅದು ನಮಗ್ಯಾರಿಗೂ ಗೊತ್ತಿರಲಿಲ್ಲ. ಆ ಡ್ರೈವರ್ ಲಗೂನ ಬಂದಿದ್ರ ಆಕ್ಕಿತ್ತಲ್ಲ ಕಾಕಾ?" ಅಂತ ಕೇಳಿದಳು.

ಆಗ ಹೇಳಬೇಕಿತ್ತು. ಆ ಹೊತ್ತಿಗಾಗಲೇ ಅವರು ಕೊಟ್ರೇಶನಿಗೆ ಫೋನ್ ಮಾಡಿ ಕೇಳಿಯಾಗಿತ್ತು. "ಅದು ಹ್ವಾದ ವರ್ಷದ ಫೋಟೋ ಮಾಮಾ, ಗ್ಯಾಲರ್‍ಯಾಗ ಇತ್ತು, ಕಳಿಸಿದ್ನಿ. ಈಗ ಟೈಮ್ ಬದಲಾಗಿರಬೇಕು ನೋಡ್ರಿ," ಅಂದಿದ್ದ ಅವನು. ಅಂದರೆ ಭವಾನಿಯ ಕೈಯಲ್ಲಿ ಐವತ್ತೈದು ನಿಮಿಷ ಎಂದೂ ಇರಲೇ ಇಲ್ಲ. ಇದ್ದದ್ದು ಇಪ್ಪತ್ತೇಳು. ಆ ಇಪ್ಪತ್ತೇಳರಲ್ಲಿ ರೈಲು ಸಿಕ್ಕಿದ್ದರೂ ಅದು ಅವಳ ದೈವ, ತಮ್ಮ ಲೆಕ್ಕವಲ್ಲ. ಬಸ್ಸು ಕಾಲು ತಾಸು ತಡವಾದೀತೆಂದು ತಾವೇ ಹಿಡಿದಿದ್ದರು, ಆದದ್ದು ಎಂಟು. ಡ್ರೈವರನದು ಎಳ್ಳಷ್ಟೂ ತಪ್ಪಿರಲಿಲ್ಲ.

"ಹೂಂ," ಅಂದರು ಗೋವಿಂದರಾಜರು.

ಅಷ್ಟೇ ಅಂದದ್ದು. ಅದರ ಆಧಾರದ ಮೇಲೆ ಭವಾನಿಯ ಗಂಡ ಶಾಂತಕುಮಾರ ಡಿಪೋಕ್ಕೆ ದೂರು ಬರೆದ. ಕಂಟ್ರೋಲರ್ ಆಗಿದ್ದವರೇ ಒಪ್ಪಿದ್ದಾರೆ, ಬಸ್ಸು ತಡವಾಗಿದ್ದರಿಂದಲೇ ನನ್ನ ಹೆಂಡತಿಯ ನೌಕರಿ ಹೋಯಿತು, ಎಂದು.

ಹನ್ನೆರಡು ದಿನ ಕಳೆದವು. ಗೋವಿಂದರಾಜರು ಯಾರಿಗೂ ದಾರಿ ಬರೆದುಕೊಡಲಿಲ್ಲ. ಕಣ್ಣು ಮಸುಕಾಗ್ಯಾವ ಅಂದು ಬಂದವರನ್ನು ತಿರುಗಿ ಕಳಿಸಿದರು. ಹದಿಮೂರನೆಯ ದಿನ ಮಧ್ಯಾಹ್ನ ಬಾಗಿಲಲ್ಲಿ ಖಾಕಿ ಅಂಗಿಯೊಂದು ನಿಂತಿತು. ಮೂವತ್ತರ ಆಸುಪಾಸಿನವನು, ಕೈಯಲ್ಲಿ ಮಡಿಚಿದ ಕಾಗದ.

"ನಮಸ್ಕಾರ್ರಿ ಸರ್. ನಾ ಹನಮೇಶ. ಆರೂ ನಲವತ್ತರ ಕೊಪ್ಪಳ ಬಸ್ಸಿನ ಡ್ರೈವರ್. ಲೇಟಾದದ್ದಕ್ಕ ಡಿಪೋದವರು ನನಗ ಕಾರಣ ಕೇಳ್ಯಾರ್ರಿ. ಉತ್ತರ ಬರ್‍ಯಾಕ ನಂಗ ಬರಂಗಿಲ್ಲ. ಹಿಂದಕ ನೀವು ಎಲ್ಲಾರಿಗೂ ಬರದು ಕೊಡ್ತಿದ್ರಂತ."

ಗೋವಿಂದರಾಜರು ಅವನನ್ನು ಕೂಡಿಸಿದರು. ಕಾಗದ ಓದಿದರು. ತಮ್ಮ ಹೆಸರೂ ಅದರಲ್ಲಿತ್ತು.

"ಆ ಮುದುಕ ಯಾರಪಾ?"

"ಯಾರೋ ಗೊತ್ತಿಲ್ರಿ. ಎರಡೂ ಕೈಯಾಗ ಕೋಲು ಹಿಡಕೊಂಡಿದ್ದ. ಬಿಟ್ಟು ಬರಾಕ ಮನಸ್ಸಾಗಲಿಲ್ಲ." ಹನಮೇಶ ತಲೆ ತಗ್ಗಿಸಿದ. "ಆದ್ರ ಆ ಅಕ್ಕಾರ ನೌಕರಿ ಹೋತು ಅಂದ್ರಲ್ರಿ. ಅವತ್ತಿಂದ ಅನ್ನ ಗಂಟಲಾಗ ಇಳಿವಲ್ದು. ನಿಲ್ಲಿಸಬಾರದಿತ್ತೇನ್ರಿ ಸರ್?"

ಸರ್ವೀಸಿನ ಉದ್ದಕ್ಕೂ ಇಂಥ ಹುಡುಗರಿಗೆ ಗೋವಿಂದರಾಜರು ಹೇಳಿದ್ದು ಒಂದೇ ಮಾತು, ಕೈ ಮಾಡಿದ ಮುದುಕರನ್ನು ಬಿಟ್ಟು ಬರಬೇಡಿ ಎಂದು.

"ನಿಲ್ಲಿಸಿದ್ದು ಛಲೋ ಆತು," ಅಂದರು. "ತಪ್ಪು ನಿಂದಲ್ಲ. ನಂದು."

ಉತ್ತರವನ್ನು ಅವನ ಹೆಸರಿನಲ್ಲಿ ಬರೆಯಲಿಲ್ಲ, ತಮ್ಮ ಹೆಸರಿನಲ್ಲೇ ಬರೆದರು. ರೈಲಿನ ಹಳೆಯ ವೇಳೆ ನೋಡಿ ದಾರಿ ಬರೆದದ್ದು ತಾನು, ಪಟ್ಟಿಗೆ ತಾರೀಖು ಇಲ್ಲದ್ದು ಕಂಡೂ ವಿಚಾರಿಸದೇ ಇದ್ದದ್ದು ತಾನು, ಎಂಟು ನಿಮಿಷದ ತಡ ಮೊದಲೇ ಲೆಕ್ಕದಲ್ಲಿ ಹಿಡಿದದ್ದೇ ಆಗಿತ್ತು, ಎಂದು. ಸಹಿ ಮಾಡಿ ತಾವೇ ಡಿಪೋಕ್ಕೆ ಒಯ್ದು ಕೊಟ್ಟರು. ಸಾಹೇಬರು ಓದಿ, ಕನ್ನಡಕ ತೆಗೆದು, "ಮೊದಲ ಹೇಳಿದ್ರ ಆಕ್ಕಿತ್ತಲ್ರಿ," ಅಂದರು. ಹನಮೇಶನ ಮೇಲಿನ ದೂರು ಅಲ್ಲಿಗೇ ಮುಗಿಯಿತು. ಆದರೆ ಅವನನ್ನು ಆಗಲೇ ರಾತ್ರಿ ಗಂಗಾವತಿಯಲ್ಲೇ ತಂಗುವ ವಸ್ತಿ ಬಸ್ಸಿಗೆ ಹಾಕಿದ್ದರು, ಆ ಆದೇಶ ತಿರುಗಲಿಲ್ಲ. ಮನೆಯಲ್ಲಿ ಅವನ ಹೆಂಡತಿ ತುಂಬಿದ ಬಸುರಿ ಎಂಬುದು ಗೋವಿಂದರಾಜರಿಗೆ ಗೊತ್ತಾದದ್ದು ಆಮೇಲೆ.

ಭವಾನಿಯ ಮನೆಗೆ ಹೋಗುವುದು ಅದಕ್ಕಿಂತ ಕಷ್ಟವಾಯಿತು. ಅವಳು ಹಾಸ್ಟೆಲಿನಿಂದ ಆಗಷ್ಟೇ ಬಂದಿದ್ದಳು, ಕೈಯಲ್ಲಿನ್ನೂ ಉಳ್ಳಾಗಡ್ಡಿಯ ವಾಸನೆ. ಅಂಗಳದಲ್ಲಿ ನಿಂತೇ ಎಲ್ಲ ಹೇಳಿದರು. ಕತ್ತರಿಸಿಹೋದ ಪಟ್ಟಿ, ಮಾಡದ ಫೋನು, ಅಂದ ಹೂಂ.

ಭವಾನಿ ಕೇಳಿದಳು. ಕಡೆಗೆ ಅಂದಳು: "ಲೆಕ್ಕ ತಪ್ಪೂದು ಯಾರಿಗಿಲ್ಲ ಕಾಕಾ. ಆ ಪಟ್ಟಿ ನಾನೂ ನೋಡಿದ್ನಿ, ನಾನೂ ಕೇಳಲಿಲ್ಲ. ಆದ್ರ ಹದಿನೈದು ದಿನದಿಂದ ಬೆಳಗಾದ್ರ ಆ ಡ್ರೈವರ್‌ಗೆ ಶಾಪ ಹಾಕೀನಿ. ಅವನ ಮಕ್ಳು ಮರಿ ತೆಗದು ಬೈದೀನಿ. ಅದನ್ನ ಹೆಂಗ ಹಿಂದಕ ತಗೊಳ್ಳಲಿ?"

ಭವಾನಿ ಒಳಬಾಗಿಲ ಕಡೆ ಒಮ್ಮೆ ನೋಡಿದಳು.

"ಒಂದ ಮಾತು," ದನಿ ತಗ್ಗಿಸಿದಳು. "ಅವ್ವನ ಮುಂದ ಹೇಳಬ್ಯಾಡ್ರಿ. ಅಪ್ಪನ ಕಾಲದಾಗಿನವರು ಅಂತ ನಿಮ್ಮೊಬ್ಬರನ್ನ ನಂಬ್ಯಾಳ. ಅದೂ ಹೋದ್ರ ಅಕಿಗೆ ಯಾರದಾರ?"

ಅಷ್ಟರಲ್ಲಿ ಒಳಗಿನಿಂದ ಅವಳ ಅವ್ವ ಶಂಕ್ರಮ್ಮನ ದನಿ ಬಂತು. "ಯಾರವಾ ಭವಾನಿ? ಗೋವಿಂದರಾಜಣ್ಣ ಬಂದಾನೇನ? ಒಳಗ ಕರಿ, ಚಹಾ ಮಾಡು." ಗೋಡೆ ಹಿಡಿದುಕೊಂಡು ಹೊಸ್ತಿಲ ತನಕ ಬಂದ ಮುದುಕಿ, ಕಾಣದ ಕಣ್ಣನ್ನು ಅವರತ್ತ ತಿರುಗಿಸಿ ನಕ್ಕಳು. "ಅಣ್ಣಾ, ದಸರಾ ಮುಗದ ಮ್ಯಾಗ ಹುಲಿಗಿಗೆ ದೇವಿ ದರ್ಶನಕ್ಕ ಹೋಗಬೇಕಂತ ಮಾಡೀನಿ. ಬಸ್ಸಿನಾಗ ಕೊಪ್ಪಳ, ಅಲ್ಲಿಂದ ರೈಲು. ನೀ ಬರದು ಕೊಟ್ರ ನಂಗ ಧೈರ್ಯ ನೋಡಪಾ."

ಭವಾನಿ ಒಲೆಯ ಕಡೆ ತಿರುಗಿಕೊಂಡಳು. ಗೋವಿಂದರಾಜರು ಚಪ್ಪಲಿ ಬಿಟ್ಟು ಒಳಗೆ ಬಂದರು. ಆಮೇಲೆ, "ಬರದು ಕೊಡ್ತೀನಿ ತಂಗಿ," ಅಂದು, ಎದುರಿಗಿಟ್ಟ ಚಹಾ ಆರುವವರೆಗೂ ಅದನ್ನೇ ನೋಡುತ್ತ ಕೂತರು.